ಟೆಸ್ಟ್ ಕೆಂಪಾದರೆ ಉತ್ತರಪತ್ರಿಕೆಯನ್ನು ತಿದ್ದಬೇಡಿ

ಪ್ರಶ್ನೆ: ಷೇರಿನ ಐದು ನಿಮಿಷದ ಕ್ಯಾಂಡಲ್‌ಗಳನ್ನು ಕಡತದಲ್ಲಿ ಉಳಿಸಿ, ನನ್ನ ಟ್ರೇಡಿಂಗ್ ಕೋಡ್ ಕೊಟ್ಟ ಖರೀದಿ, ಮಾರಾಟದ ಸಿಗ್ನಲ್‌ಗಳನ್ನೇ ಸರಿಯುತ್ತರವೆಂದು ಇಟ್ಟುಕೊಂಡಿದ್ದೇನೆ. ಕೋಡ್ ಬದಲಿಸಿದಾಗ ಟೆಸ್ಟ್ ಸೋತರೆ ಆ ಕಡತವನ್ನು ಹೊಸದಾಗಿ ಬರೆಸುತ್ತೇನೆ. ಸರಿಯೇ?

ತಪ್ಪು. ತಿಂಗಳಿಗೆ ನಾಲ್ಕು ಬಾರಿ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ವಿದ್ಯಾರ್ಥಿ ಬರೆದದ್ದನ್ನೇ ಸರಿಯುತ್ತರವೆಂದು ಒಪ್ಪಿಕೊಂಡ ಮೇಲೆ ಪರೀಕ್ಷೆ ಎಲ್ಲಿ ಉಳಿಯಿತು? ಟೆಸ್ಟ್ ಸೋತಾಗ ಯಾವ ಕ್ಯಾಂಡಲ್‌ನಲ್ಲಿ ಸಿಗ್ನಲ್ ಬದಲಾಯಿತು ಎಂಬುದನ್ನು ಹುಡುಕಿ. ಅದರ ಹಿಂದಿನ ಬೆಲೆಗಳನ್ನು ಕಾಗದದ ಮೇಲಿಟ್ಟು ಲೆಕ್ಕ ಹಾಕಿ. ಹೊಸ ಉತ್ತರವೇ ಸರಿ ಎಂದು ಕೈಲೆಕ್ಕ ಹೇಳಿದರೆ ಮಾತ್ರ ಕಡತವನ್ನು ಮುಟ್ಟಿ.

ಅದಕ್ಕೂ ಮೊದಲು ಕೈಯಲ್ಲೇ ಲೆಕ್ಕ ಹಾಕಬಹುದಾದ ಪುಟ್ಟ ಟೆಸ್ಟ್ ಒಂದಿರಲಿ. ಬೆಲೆಗಳು 100, 100, 100, 103 ಎಂದುಕೊಳ್ಳಿ. ಮೂರನೆಯ ಕ್ಯಾಂಡಲ್‌ನಲ್ಲಿ ಕೊನೆಯ ಎರಡು ಬೆಲೆಗಳ ಸರಾಸರಿಯೂ ಕೊನೆಯ ಮೂರರ ಸರಾಸರಿಯೂ 100. ನಾಲ್ಕನೆಯದರಲ್ಲಿ 101.5 ಮತ್ತು 101, ಅಂದರೆ ಎರಡರ ಸರಾಸರಿ ಮೂರರದನ್ನು ದಾಟಿ ಮೇಲೆ ಹೋಯಿತು, ಖರೀದಿ ಸಿಗ್ನಲ್ ಬರಬೇಕು. ಹಿಂದಿನ ಕ್ಯಾಂಡಲ್‌ನ ಹೋಲಿಕೆಯಲ್ಲಿ `<=` ಇರುವ ಕಡೆ ಯಾರಾದರೂ `<` ಎಂದು ಬರೆದರೆ ಈ ಸಿಗ್ನಲ್ ಸದ್ದಿಲ್ಲದೆ ಮಾಯವಾಗುತ್ತದೆ. ನಾಲ್ಕು ಅಂಕಿಗಳ ಈ ಟೆಸ್ಟ್ ಅದನ್ನು ಕೂಡಲೇ ಹಿಡಿಯುತ್ತದೆ.

ಉಳಿಸಿದ ನಿಜವಾದ ಬೆಲೆಗಳು ಇನ್ನೊಂದು ಕೆಲಸಕ್ಕೆ ಬೇಕು: ಕೋಡ್ ಮುಂದಿನ ಬೆಲೆಯನ್ನು ಇಣುಕಿ ನೋಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಕಡತವನ್ನು ಪ್ರತಿ ಕ್ಯಾಂಡಲ್‌ನಲ್ಲೂ ಕತ್ತರಿಸಿ, ಅಲ್ಲಿಯವರೆಗಿನ ಬೆಲೆಗಳಷ್ಟನ್ನೇ ಕೊಟ್ಟಾಗ ಬರುವ ಸಿಗ್ನಲ್ ಮತ್ತು ಇಡೀ ಕಡತ ಕೊಟ್ಟಾಗ ಅದೇ ಜಾಗದಲ್ಲಿ ಬರುವ ಸಿಗ್ನಲ್ ಒಂದೇ ಆಗಿವೆಯೇ ಎಂದು ನೋಡಬೇಕು.

```python
def test_no_future_peek():
    df = load("candles_5m.csv")
    full = signals(df)
    for n in range(150, len(df) + 1):
        part = signals(df.iloc[:n])
        assert part.iloc[-1] == full.iloc[n - 1], df.index[n - 1]
```

ಈಚೆಗೆ ನನ್ನ ಬಳಿ ಬಂದ ಒಂದು ಕೋಡ್‌ನಲ್ಲಿ ಹೀಗಾಗಿತ್ತು. 11:40ರ ಕ್ಯಾಂಡಲ್‌ನ ಬೆಲೆ ಕಡತದಲ್ಲಿ ಖಾಲಿಯಿತ್ತು. ಬರೆದವರು ಖಾಲಿ ಜಾಗವನ್ನು ಹಿಂದಿನ ಬೆಲೆಯಿಂದ ತುಂಬುವ `ffill()` ಬದಲು ಮುಂದಿನ ಬೆಲೆಯಿಂದ ತುಂಬುವ `bfill()` ಹಾಕಿದ್ದರು. 11:35ರ ಕ್ಯಾಂಡಲ್ 1,498ಕ್ಕೆ ಮುಗಿದಿತ್ತು, 11:45ರದು 1,512ಕ್ಕೆ. ಇನ್ನೂ ಹುಟ್ಟದ ಆ 1,512 ಹಿಂದಕ್ಕೆ ಬಂದು 11:40ರಲ್ಲಿ ಕುಳಿತುಕೊಂಡಿತು, ಸರಾಸರಿ ಅಲ್ಲೇ ದಾಟಿತು. ಹಳೆಯ ಬೆಲೆಗಳ ಮೇಲೆ ಓಡಿಸಿದ ಬ್ಯಾಕ್‌ಟೆಸ್ಟ್ ಮುಂದಿನ ಕ್ಯಾಂಡಲ್‌ನ ಆರಂಭದ ಬೆಲೆಗೆ, 1,499ಕ್ಕೆ, ಖರೀದಿಸಿತು. ನಿಜವಾದ ಮಾರುಕಟ್ಟೆಯಲ್ಲಿ 11:45ರ ಕ್ಯಾಂಡಲ್ ಮುಗಿಯುವುದು 11:50ಕ್ಕೆ, ಸಿಗ್ನಲ್ ಬರುವುದೂ ಆಗಲೇ, ಆ ಹೊತ್ತಿಗೆ ಬೆಲೆ 1,512. ಷೇರಿಗೆ 13 ರೂಪಾಯಿ ಸುಳ್ಳು ಲಾಭ! ಮೇಲಿನ ಟೆಸ್ಟ್ 11:40ರ ಹೆಸರು ಹೇಳಿ ಸೋತಿತು, ಏಕೆಂದರೆ ಅಲ್ಲಿ ಕತ್ತರಿಸಿದಾಗ ಹಿಂದಕ್ಕೆ ತರಲು ಬೆಲೆಯೇ ಇರಲಿಲ್ಲ.

ಇದಕ್ಕೊಂದು ಮಿತಿಯಿದೆ. ಖಾಲಿ ಜಾಗ ಸಿಗ್ನಲ್‌ನಿಂದ ದೂರವಿದ್ದರೆ ಎರಡೂ ಕಡೆ ಉತ್ತರ ಒಂದೇ ಬರುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಕಡತದ ಒಂದು ನಕಲಿನಲ್ಲಿ, ಸಿಗ್ನಲ್ ಬರುವ ಕ್ಯಾಂಡಲ್‌ಗೆ ಸರಿಯಾಗಿ ಒಂದು ಹಿಂದಿನ ಬೆಲೆಯನ್ನು ಬೇಕೆಂದೇ ಅಳಿಸಿ ಇಟ್ಟುಕೊಳ್ಳಿ. ನಾನು ಇದನ್ನು ಮಾಡದೆ ಯಾವ ಸ್ಟ್ರಾಟಜಿಗೂ ದುಡ್ಡು ಹಾಕುವುದಿಲ್ಲ.

ಲೂಪ್ 150ರಿಂದ ಶುರುವಾಗುವುದಕ್ಕೂ ಕಾರಣವಿದೆ. 9:15ರಿಂದ 3:30ರವರೆಗೆ ದಿನಕ್ಕೆ 75 ಕ್ಯಾಂಡಲ್‌ಗಳು. 50 ಕ್ಯಾಂಡಲ್‌ಗಳ ಇಎಂಎ, ಅಂದರೆ ಹೊಸ ಬೆಲೆಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ, ತನ್ನ ಮೊದಲ ಬೆಲೆಯನ್ನು ಬೇಗ ಮರೆಯುವುದಿಲ್ಲ. ಎರಡು ದಿನ ಕಳೆದ ಮೇಲೆ ಆ ಮೊದಲ ಬೆಲೆಯ ಪಾಲು ಶೇ 0.25ರಷ್ಟಕ್ಕೆ ಇಳಿಯುತ್ತದೆ. ಕಡತದಲ್ಲಿ ಒಂದೇ ದಿನ ಇಟ್ಟವರು ಇಎಂಎಯ ಆರಂಭದ ಗೊಂದಲವನ್ನು ಪರೀಕ್ಷಿಸುತ್ತಿರುತ್ತಾರೆ, ಸ್ಟ್ರಾಟಜಿಯನ್ನಲ್ಲ.

ಪ್ರಶ್ನೆ: ಟೆಸ್ಟ್ ಓಡುವಾಗಲೇ ಎಪಿಐಯಿಂದ ಬೆಲೆ ತರಿಸಿದರೆ ಕಡತ ಇಡುವ ಕೆಲಸವೇ ಇರುವುದಿಲ್ಲವಲ್ಲ?

ಬೇಡ. 2018ರಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ, ಹೊಂದಿಸಿದ ಚಾರ್ಟ್‌ಗಳಲ್ಲಿ ಅದರ ಹಳೆಯ ಬೆಲೆಗಳೆಲ್ಲ ಅರ್ಧವಾದವು. ಎಪಿಐ ಹೀಗೆ ಹಳೆಯ ಬೆಲೆಗಳನ್ನು ಬದಲಿಸಿ ಕೊಟ್ಟರೆ, ನಿಮ್ಮ ಕೋಡ್‌ನ ಒಂದಕ್ಷರ ಬದಲಾಗದಿದ್ದರೂ ಟೆಸ್ಟ್ ಸೋಲಬಹುದು. ಕಡತವನ್ನು ಕೋಡ್ ಜೊತೆಗೇ ಗಿಟ್‌ನಲ್ಲಿ ಇಡಿ.

ಪ್ರಶ್ನೆ: ಟೆಸ್ಟ್‌ಗೆ ಎಷ್ಟು ವರ್ಷದ ಡೇಟಾ ಬೇಕು?

ವರ್ಷಗಳು ಬೇಕಿರುವುದು ಬ್ಯಾಕ್‌ಟೆಸ್ಟ್‌ಗೆ. ಇಲ್ಲಿಗೆ ನಾಲ್ಕೈದು ದಿನ ಸಾಕು.

ಪ್ರಶ್ನೆ: "ಎಲ್ಲ ಟೆಸ್ಟ್ ಪಾಸಾದ, ಲಾಭ ಖಚಿತವಾದ ಬಾಟ್" ಎಂದು ಟೆಲಿಗ್ರಾಂನಲ್ಲಿ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಕೊಳ್ಳಬೇಡಿ. ಕೋಡ್ ಹೇಳಿದಂತೆ ನಡೆಯುತ್ತದೆ ಎಂಬುದಕ್ಕಷ್ಟೇ ಟೆಸ್ಟ್ ಸಾಕ್ಷಿ. ನಷ್ಟ ಮಾಡುವ ನಿಯಮವೂ ಎಲ್ಲ ಟೆಸ್ಟ್‌ಗಳಲ್ಲಿ ಪಾಸಾಗುತ್ತದೆ. ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಶೇ 93ರಷ್ಟು ವೈಯಕ್ತಿಕ ವಹಿವಾಟುದಾರರು ನಷ್ಟ ಅನುಭವಿಸಿದರು ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಲಾಭ ಖಚಿತ ಎನ್ನುವವರು ವಂಚಕರು.