ಕ್ಯಾಬಿನೆಟ್ ಮೂಲೆಯಲ್ಲಿ ಅರ್ಧ ಮಿಲಿಮೀಟರ್ ಏರುಪೇರು

ಪ್ರಶ್ನೆ: ಅಡುಗೆಮನೆಗೆ 18 ಮಿ.ಮೀ. ಪ್ಲೈವುಡ್‌ನಲ್ಲಿ ಕ್ಯಾಬಿನೆಟ್ ಮಾಡುತ್ತಿದ್ದೇನೆ. ಬಿಸ್ಕಿಟ್ ಜಾಯಿನರ್‌ನ ಫೆನ್ಸ್ 9 ಮಿ.ಮೀ.ಗೆ ಇಟ್ಟು, ಮೇಲಿನ ಹಲಗೆಗೆ ಒಳಮೈಯಿಂದ, ಪಕ್ಕದ ಹಲಗೆಗೆ ತುದಿಯಿಂದ ಸ್ಲಾಟ್ ಕೊರೆದೆ. ಜೋಡಿಸಿದರೆ ಪಕ್ಕದ ಹಲಗೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಮೇಲೆದ್ದಿದೆ. ಮೆಷಿನ್ ಸರಿಯಿಲ್ಲವೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೆಷಿನ್ ಮೇಲೆ ಅನುಮಾನ ಪಡುವ ಮೊದಲು ಹಲಗೆಗೆ ಕ್ಯಾಲಿಪರ್ ಹಿಡಿದು ನೋಡಿ. 18 ಅಂತ ತಂದ ಪ್ಲೈವುಡ್ ಎಷ್ಟೋ ಸಲ ಅಷ್ಟು ದಪ್ಪ ಇರುವುದಿಲ್ಲ. ನಿಮ್ಮದು 17.4 ಇದೆ ಅಂದುಕೊಳ್ಳಿ. ಒಳಮೈಯಿಂದ 9 ಹೋದರೆ ಹೊರಮೈ ಕಡೆ ಉಳಿಯುವುದು 8.4. ಪಕ್ಕದ ಹಲಗೆಯಲ್ಲಿ ಮಾತ್ರ ತುದಿಯಿಂದ ಪೂರ್ತಿ 9 ಇದೆ. ಸ್ಲಾಟ್‌ಗಳಲ್ಲಿ ಕೂರುವ ಚಪ್ಪಟೆ ಮರದ ತುಂಡು, ಅಂದರೆ ಬಿಸ್ಕಿಟ್, ಎರಡೂ ಸ್ಲಾಟನ್ನು ಒಂದೇ ಎತ್ತರಕ್ಕೆ ತರುತ್ತದೆ, ಆ 0.6 ಮೇಲೆ ಕಾಣುತ್ತದೆ.

ಹಾಗಾಗಿ ಮೇಲಿನ ಹಲಗೆಗೂ ಹೊರಮೈ ಮೇಲೆಯೇ ಫೆನ್ಸ್ ಕೂರಿಸಿ. ಆಗ ದಪ್ಪ ಎಷ್ಟಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಫೆನ್ಸ್ 8.8ಕ್ಕೆ ನಿಂತಿದ್ದರೂ ಪರವಾಗಿಲ್ಲ, ಎರಡು ಹಲಗೆಗೂ ಅದೇ ಅಳತೆ ಇದ್ದರೆ ಸಾಕು. ಕೆಲಸ ಶುರು ಮಾಡುವ ಮೊದಲೇ ಎಲ್ಲ ಹಲಗೆಗಳ ಹೊರಮೈಗೆ ಪೆನ್ಸಿಲ್ ಗುರುತು ಹಾಕಿ, ಇಲ್ಲದಿದ್ದರೆ ತಿರುಗಿಸುವಾಗ ಖಂಡಿತ ಗೊಂದಲ ಆಗುತ್ತದೆ.

ಇನ್ನೊಂದು ತೊಂದರೆ ಪಕ್ಕದ ಹಲಗೆಯದು. ಅದನ್ನು ನಿಲ್ಲಿಸಿ ಒಳಮೈಗೆ ಕೊರೆಯುವಾಗ ಫೆನ್ಸ್‌ಗೆ ಆಸರೆ 17 ಮಿ.ಮೀ. ಅಂಚು ಮಾತ್ರ. ಕೈ ಸ್ವಲ್ಪ ವಾಲಿದರೂ ಸ್ಲಾಟ್ ಓರೆಯಾಗುತ್ತದೆ. ಹೊರಮೈಗೆ ಒಂದು ನೇರವಾದ ಮರದ ತುಂಡನ್ನು, ಅದರ ಮೇಲಂಚು ಹಲಗೆಯ ಅಂಚಿಗೆ ಸಮವಾಗಿರುವಂತೆ, ಕ್ಲ್ಯಾಂಪ್ ಮಾಡಿ. ಫೆನ್ಸ್ ಕೂರಲು ಅಗಲವಾದ ಜಾಗ ಸಿಗುತ್ತದೆ. ಮೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಬ್ಲೇಡನ್ನು ನಿಧಾನವಾಗಿ ಒಳಗೆ ತಳ್ಳಿ. ಕೊರೆದಾದ ಮೇಲೆ ಗೋಂದಿಲ್ಲದೆ ಬಿಸ್ಕಿಟ್ ತೂರಿಸಿ ಮೂಲೆಮಟ್ಟ ಹಿಡಿಯಿರಿ. ಬಿಸ್ಕಿಟ್ ತಲೆ ಬಗ್ಗಿಸಿದ್ದರೆ ಫೆನ್ಸ್ ವಾಲಿದೆ ಅಂತಲೇ ಅರ್ಥ.

ಉದ್ದದ ಕಡೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ. ಸ್ಲಾಟ್ ಬಿಸ್ಕಿಟ್‌ಗಿಂತ ಸ್ವಲ್ಪ ಉದ್ದ ಇರುತ್ತದೆ, ಆದ್ದರಿಂದ ಗೋಂದು ಹಚ್ಚಿದ ಮೇಲೂ ಹಲಗೆಯನ್ನು ಒಂದೆರಡು ಮಿಲಿಮೀಟರ್ ಆಚೀಚೆ ಸರಿಸಿ ಮುಂದಿನ ಅಂಚು ಸಮ ಮಾಡಬಹುದು. ಆದರೆ ಬೇಗ ಮಾಡಿ. ಒತ್ತಿ ಮಾಡಿದ ಬೀಚ್ ಮರದ ಬಿಸ್ಕಿಟ್ ಗೋಂದಿನ ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ. ಅದೇ ಕಾರಣಕ್ಕೆ ನಮ್ಮ ಮಳೆಗಾಲದಲ್ಲಿ ಬಿಸ್ಕಿಟ್‌ಗಳನ್ನು ಸುಮ್ನೆ ಕವರಿನಲ್ಲಿ ಬಿಡಬೇಡಿ. ಗಾಳಿಯ ತೇವಕ್ಕೇ ಉಬ್ಬಿ ಸ್ಲಾಟ್‌ಗೆ ಇಳಿಯುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಈ ದಪ್ಪಕ್ಕೆ 20ನೇ ನಂಬರ್ ಬಿಸ್ಕಿಟ್ ಸರಿ. ಅದು 23 ಮಿ.ಮೀ. ಅಗಲ, ಅಂದರೆ ಒಂದೊಂದು ಹಲಗೆಯಲ್ಲಿ ಸುಮಾರು 12 ಆಳ, ಹೊರಮೈ ಕಡೆ ಐದು ಮಿಲಿಮೀಟರ್ ಉಳಿಯುತ್ತದೆ. 12 ಮಿ.ಮೀ. ಹಲಗೆಯ ಮೈಗೆ ಇದನ್ನೇ ಹಾಕಿದರೆ ಬ್ಲೇಡ್ ಆಚೆ ಬರುತ್ತದೆ, ಅಲ್ಲಿ 0 ನಂಬರ್ ತಗೊಳ್ಳಿ.

ಮುಂದೆ ಮರದ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಟೇಬಲ್ ಮಾಡಿದರೂ ಇದೇ ಕ್ರಮ, ಫೆನ್ಸ್ ಯಾವಾಗಲೂ ಮೇಲ್ಮೈ ಮೇಲೆ. ಅಂಟಿಸಿದ ಮರುದಿನವೇ ಸ್ಯಾಂಡ್ ಮಾತ್ರ ಮಾಡಬೇಡಿ. ಬಿಸ್ಕಿಟ್ ಇರುವ ಕಡೆ ಮರ ಇನ್ನೂ ತೇವದಿಂದ ಉಬ್ಬಿರುತ್ತದೆ. ಆಗ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅಲ್ಲೇ ತಗ್ಗು ಬಿದ್ದು ಪಾಲಿಶ್‌ನಲ್ಲಿ ಎದ್ದು ಕಾಣುತ್ತದೆ. ಕೆಲವು ದಿನ ಬಿಟ್ಟು ಉಜ್ಜಿ.