ಎರಡು ಬ್ಲೇಡಿನ ಟ್ರಿಮ್ಮರ್ ತರಿಸುವ ಮೊದಲು ಟೇಪಿನ ಎಳೆ ನೋಡಿ

ಪ್ರಶ್ನೆ: ಪ್ಲೈವುಡ್ ಶೆಲ್ಫ್‌ಗಳಿಗೆ ಇಸ್ತ್ರಿ ಹಾಕಿ ಅಂಟಿಸೋ ತೇಗದ ಎಡ್ಜ್ ಟೇಪ್ ಹಾಕ್ತಿದ್ದೇನೆ. ಅಂಟೋದು ಚೆನ್ನಾಗೇ ಅಂಟುತ್ತೆ. ಹೆಚ್ಚಿಗೆ ಉಳಿದಿದ್ದನ್ನ ಕಟರ್‌ನಲ್ಲಿ ಕತ್ತರಿಸುವಾಗ ಅಂಚಲ್ಲಿ ಚಕ್ಕೆ ಏಳುತ್ತೆ. ಎರಡೂ ಕಡೆ ಒಟ್ಟಿಗೆ ಕತ್ತರಿಸೋ ಟ್ರಿಮ್ಮರ್ ತರಿಸಿದ್ರೆ ಸರಿಹೋಗುತ್ತಾ? ಯಾವುದು ಒಳ್ಳೇದು?

ಬೇಡ, ತರಿಸಬೇಡಿ. ಆ ಟ್ರಿಮ್ಮರ್ ಮಾಡುವುದೂ ನಾನು ಮಾಡಿದ ತಪ್ಪನ್ನೇ. ಅದು ಇನ್ನೂ ಬೇಗ ಮಾಡುತ್ತದೆ, ಅಷ್ಟೇ.

ನಾಲ್ಕು ವರ್ಷದ ಹಿಂದೆ ಸಾಗರದ ನಮ್ಮ ಮನೆಗೆ ಪುಸ್ತಕದ ಕಪಾಟು ಮಾಡಲು ಹೊರಟಿದ್ದೆ. ಎರಡೂ ಮುಖಕ್ಕೆ ತೇಗದ ವಿನಿಯರ್ ಇರುವ 18 ಎಂಎಂ ಪ್ಲೈವುಡ್ ತಂದು, ಅಂಗಡಿಯಲ್ಲೇ ಐದು ಶೆಲ್ಫ್ ಕೊಯ್ಸಿಕೊಂಡೆ. ಒಂದೊಂದೂ 90 ಸೆಂಟಿಮೀಟರ್ ಉದ್ದ, 25 ಅಗಲ. ಮುಂದಿನ ಅಂಚಿಗೆ 22 ಎಂಎಂ ಅಗಲದ ತೇಗದ ಟೇಪ್. ಮಧ್ಯಕ್ಕೆ ಸರಿಯಾಗಿ ಇಟ್ಟು ಅಂಟಿಸಿದರೆ ಎರಡೂ ಕಡೆ 2 ಎಂಎಂ ಹೊರಗೆ ಉಳಿಯುತ್ತದೆ. ಅದನ್ನು ಕತ್ತರಿಸಿ ಸಮ ಮಾಡಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಅಂಟಿಸುವುದು ನನಗೂ ತೊಂದರೆ ಕೊಡಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್ ಗುರುತಿಗೆ ಇಟ್ಟೆ, ಹಬೆ ಇಲ್ಲದೆ. ನಿಧಾನವಾಗಿ ಸರಿಸುತ್ತಾ ಹೋದೆ. ಹಿಂದಿನಿಂದಲೇ ಒಂದು ಮರದ ತುಂಡಿನಿಂದ ಗಟ್ಟಿಯಾಗಿ ಒತ್ತಿ ಉಜ್ಜಿದೆ. ಅಂಟು ಕರಗಿ ಅಂಚಿನ ಗೆರೆಯಲ್ಲಿ ಸಣ್ಣಗೆ ಜಿನುಗಿತು. ತಣ್ಣಗಾದ ಮೇಲೆ ಉಗುರಿನಿಂದ ತಟ್ಟಿ ನೋಡಿದೆ, ಎಲ್ಲೂ ಟೊಳ್ಳು ಸದ್ದು ಬರಲಿಲ್ಲ.

ಆಮೇಲೆ ಶೆಲ್ಫನ್ನು ಟೇಪ್ ಮೇಲೆ ಬರುವ ಹಾಗೆ ನಿಲ್ಲಿಸಿ ಕ್ಲಾಂಪ್ ಹಾಕಿದೆ. ಅದರ ಒಂದು ತುದಿಯಲ್ಲಿ ನಿಂತು, ಕಟರ್ ಹಿಡಿದು, ಎಡಗಡೆ ಉಳಿದಿದ್ದನ್ನು ನನ್ನ ಕಡೆಗೆ ಎಳೆದು ಕತ್ತರಿಸಿದೆ. ಬೆಣ್ಣೆಯ ಹಾಗೆ ಬಂತು. ನಿಂತಲ್ಲೇ ನಿಂತು ಬಲಗಡೆಯದನ್ನೂ ಹಾಗೇ ಎಳೆದೆ. ಒಂದು ಗೇಣು ಬರುವಷ್ಟರಲ್ಲಿ ಟಕ್ ಅಂತ ಸದ್ದು. ಬ್ಲೇಡ್ ಶೆಲ್ಫಿನ ಮುಖಕ್ಕೆ ತಾಗಿಕೊಂಡೇ ಇತ್ತು. ಆದರೆ ಟೇಪ್ ಬ್ಲೇಡಿಗಿಂತ ಮುಂದೆ ತಾನೇ ಸೀಳಿಕೊಂಡು ಒಳಗೆ ಹೋಗಿತ್ತು. ಅಂಚಿನಿಂದ 3 ಎಂಎಂ ಒಳಕ್ಕೆ, ಸುಮಾರು 8 ಸೆಂಟಿಮೀಟರ್ ಉದ್ದಕ್ಕೆ ತೇಗ ಕಿತ್ತು ಬಂದು, ಕೆಳಗಿನ ಪ್ಲೈಯ ಪದರಗಳು ಕಾಣುತ್ತಿದ್ದವು.

ಬ್ಲೇಡ್ ಮೊಂಡಾಗಿದೆ ಅಂದುಕೊಂಡೆ. ಹಳೇ ತುದಿ ಮುರಿದು ಹೊಸ ತುದಿ ಮಾಡಿಕೊಂಡೆ. ಎರಡನೇ ಶೆಲ್ಫಿನಲ್ಲೂ ಎಡಗಡೆ ಚೆನ್ನಾಗಿ ಬಂತು, ಬಲಗಡೆ ಚಕ್ಕೆ ಎದ್ದಿತು. ಟೇಪೇ ಕಳಪೆ ಅಂತ ಅಂಗಡಿಯವರಿಗೆ ಫೋನ್ ಮಾಡಿದೆ. ಮೂರನೆಯದರಲ್ಲಿ ಬಲಗಡೆ ಮೊದಲ ಅರ್ಧ ಹಾಳಾಯಿತು, ಉಳಿದರ್ಧ ನುಣ್ಣಗೆ ಬಂತು. ಎಡಗಡೆ ಅದಕ್ಕೆ ಸರಿಯಾಗಿ ಉಲ್ಟಾ. ಮೊದಲರ್ಧ ನುಣ್ಣಗೆ, ಆಮೇಲೆ ಚಕ್ಕೆ. ಅಲ್ಲಿಗೆ ಕೆಲಸ ನಿಲ್ಲಿಸಿದೆ.

ನಮ್ಮ ಬೀದಿಯಲ್ಲಿ ವಯಸ್ಸಾದ ಆಚಾರ್ರು ಒಬ್ಬರಿದ್ದಾರೆ. ಮೂರನೇ ಶೆಲ್ಫನ್ನು ಹೊತ್ತುಕೊಂಡು ಹೋಗಿ ತೋರಿಸಿದೆ. ಅವರು ಕಿತ್ತುಹೋದ ಜಾಗವನ್ನು ನೋಡಲೇ ಇಲ್ಲ. ಟೇಪಿನ ಮಧ್ಯದಲ್ಲಿ ಬೆರಳಿಟ್ಟು, "ಇಲ್ಲಿ ನೋಡಿ ತಮ್ಮಾ, ಇಲ್ಲಿ ಜೋಡಿಸಿದ್ದಾರೆ" ಅಂದರು. ಗರಗಸದ ಹಲ್ಲಿನ ಹಾಗೆ ಒಂದು ಸಣ್ಣ ಅಂಕುಡೊಂಕು ಗೆರೆ ಇತ್ತು. ಇಂಥ ಟೇಪಿನ ಸುರುಳಿ ಒಂದೇ ಉದ್ದ ತುಂಡಲ್ಲ. ವಿನಿಯರ್ ಪಟ್ಟಿಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ ಉದ್ದ ಮಾಡಿರುತ್ತಾರೆ. ಆ ಜೋಡಣೆಯ ಆಚೆ ಬೇರೆ ಪಟ್ಟಿ, ಬೇರೆ ಎಳೆ. ನನ್ನ ಚಕ್ಕೆ ಕಡೆ ಬದಲಾಯಿಸಿದ್ದು ಸರಿಯಾಗಿ ಅಲ್ಲೇ.

ನಾನು ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಯಾಕಂದ್ರೆ ನಾನು ನೋಡಿದ ವಿಡಿಯೋಗಳಲ್ಲಿ ಬ್ಲೇಡ್ ಚೂಪಾಗಿರಲಿ ಅಂತ ಮಾತ್ರ ಹೇಳಿದ್ದರು, ಇದನ್ನು ಯಾರೂ ಹೇಳಿರಲಿಲ್ಲ. ಟೇಪಿನಲ್ಲಿ ಮರದ ಎಳೆ ಉದ್ದುದ್ದಕ್ಕೆ ಹೋಗುತ್ತದೆ, ನಿಜ. ಆದರೆ ಅಂಚಿಗೆ ಪೂರ್ತಿ ಸಮಾನಾಂತರವಾಗಿ ಇರುವುದು ಅಪರೂಪ. ಸ್ವಲ್ಪ ಓರೆ ಇರುತ್ತದೆ. ನಮ್ಮ ಕಡೆ ಅಡಿಕೆ ದಬ್ಬೆ ಸೀಳುವುದನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ಸೀಳು ಕತ್ತಿ ಹೇಳಿದ ಕಡೆ ಹೋಗುವುದಿಲ್ಲ, ನಾರು ಹೋದ ಕಡೆ ಹೋಗುತ್ತದೆ. ಟೇಪಿನಲ್ಲೂ ಹಾಗೇ. ಬ್ಲೇಡ್ ಮುಂದೆ ಹೋದಂತೆ ಎಳೆ ಶೆಲ್ಫಿನಿಂದ ಹೊರಗೆ ಜಾರುತ್ತಿದ್ದರೆ, ಸೀಳಿದರೂ ಸೀಳು ಬಿಸಾಡುವ ಭಾಗದಲ್ಲೇ ಮುಗಿಯುತ್ತದೆ. ಎಳೆ ಶೆಲ್ಫಿನ ಒಳಕ್ಕೆ ಇಳಿಯುತ್ತಿದ್ದರೆ, ಸೀಳು ಒಳಗೆ ನುಗ್ಗಿ ನಿಮಗೆ ಬೇಕಾದ ಭಾಗವನ್ನೇ ಕಿತ್ತುಕೊಂಡು ಬರುತ್ತದೆ.

ಈಗ ಟೇಪನ್ನು ಎದುರಿಗೆ ಇಟ್ಟುಕೊಂಡು ನೋಡಿ. ಎಳೆ ಎಡದಿಂದ ಬಲಕ್ಕೆ ಸ್ವಲ್ಪ ಏರುತ್ತಿದೆ ಅಂದುಕೊಳ್ಳಿ. ಮೇಲಿನ ಅಂಚನ್ನು ಎಡದಿಂದ ಬಲಕ್ಕೆ ಕತ್ತರಿಸಿದರೆ ಎಳೆ ಮೇಲಕ್ಕೆ, ಹೊರಗೆ ಹೋಗುತ್ತದೆ. ಏನೂ ಆಗುವುದಿಲ್ಲ. ಕೆಳಗಿನ ಅಂಚನ್ನೂ ಎಡದಿಂದ ಬಲಕ್ಕೇ ಕತ್ತರಿಸಿದರೆ? ಅದೇ ಎಳೆ ಅಲ್ಲಿ ಶೆಲ್ಫಿನ ಒಳಗೆ ಹೋಗುತ್ತಿರುತ್ತದೆ. ಅಂದ್ರೆ ಒಂದೇ ಟೇಪಿನ ಎರಡು ಅಂಚುಗಳನ್ನು ವಿರುದ್ಧ ದಿಕ್ಕಿನಲ್ಲಿ ಕತ್ತರಿಸಬೇಕು. ನಾನು ಒಂದೇ ಜಾಗದಲ್ಲಿ ನಿಂತು ಎರಡನ್ನೂ ನನ್ನ ಕಡೆಗೆ ಎಳೆದಿದ್ದೆ. ಹಾಗೆ ಮಾಡಿದರೆ ಒಂದು ಕಡೆ ಕೆಡಲೇಬೇಕು. ನೀವು ಕೇಳುತ್ತಿರುವ ಟ್ರಿಮ್ಮರ್ ಎರಡೂ ಕಡೆ ಒಟ್ಟಿಗೆ, ಒಂದೇ ದಿಕ್ಕಿಗೆ ಹೋಗುತ್ತದೆ. ಪಿವಿಸಿ ಪಟ್ಟಿಗೆ ಅದು ಒಳ್ಳೆಯ ಸಾಧನ, ಯಾಕಂದ್ರೆ ಪಿವಿಸಿಗೆ ಎಳೆ ಇಲ್ಲ. ಮರದ ಟೇಪಿಗೆ ಅಲ್ಲ. ಆಗಲೇ ಕೊಂಡಿದ್ದರೆ, ಕೆಲವು ಟ್ರಿಮ್ಮರ್‌ಗಳನ್ನು ಬಿಚ್ಚಿ ಎರಡು ಭಾಗ ಮಾಡಬಹುದು. ಹಾಗೆ ಬಿಚ್ಚಿ ಒಂದೊಂದೇ ಕಡೆ ಬಳಸಿ.

ಎಳೆಯ ದಿಕ್ಕು ತಿಳಿಯುವುದು ಕಷ್ಟವಲ್ಲ. ತೇಗದಲ್ಲಿ ಕಡು ಬಣ್ಣದ ಸಣ್ಣ ಗೀರುಗಳು ಕಾಣುತ್ತವೆ, ಅವು ಯಾವ ಕಡೆ ಓರೆ ಇವೆ ನೋಡಿ. ಅನುಮಾನ ಇದ್ದರೆ, ಅಂಟಿಸುವ ಮೊದಲು ಅದೇ ಸುರುಳಿಯ ತುದಿಯಿಂದ ಒಂದು ಗೇಣು ಕತ್ತರಿಸಿ ಕೈಯಲ್ಲೇ ಉದ್ದಕ್ಕೆ ಸೀಳಿ. ಅದು ಎಳೆಯನ್ನೇ ಹಿಡಿದು ಸೀಳುತ್ತದೆ, ಓರೆ ಕಣ್ಣಿಗೆ ಕಾಣುತ್ತದೆ. ಶೆಲ್ಫಿನ ಮೇಲೆ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಅದರ ಮೇಲೆ ಕತ್ತರಿಸಬೇಕಾದ ದಿಕ್ಕಿಗೆ ಬಾಣದ ಗುರುತು ಹಾಕಿಕೊಳ್ಳಿ. ಹಲ್ಲಿನ ಜೋಡಣೆ ಬಂದಲ್ಲಿ ಮತ್ತೆ ನೋಡಿ, ಬೇಕಾದರೆ ಬಾಣ ತಿರುಗಿಸಿ. ಸಾಧ್ಯವಾದರೆ ಜೋಡಣೆ ಇರುವ ತುಂಡನ್ನು ಮುಂದಿನ ಅಂಚಿಗೆ ಹಾಕಲೇಬೇಡಿ.

ನಾನೀಗ ಕತ್ತರಿಸುವ ರೀತಿಯೇ ಬೇರೆ. ಟೇಪ್ ಪೂರ್ತಿ ತಣ್ಣಗಾಗುವ ತನಕ ಮುಟ್ಟುವುದಿಲ್ಲ. ಕಾಲು ಗಂಟೆ ಸುಮ್ನೆ ಬಿಡುತ್ತೇನೆ. ಬೆಚ್ಚಗಿದ್ದರೆ ಅಂಟು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಟೇಪೂ ಜರುಗುತ್ತದೆ. ಆಮೇಲೆ ಶೆಲ್ಫನ್ನು ಟೇಪ್ ಕೆಳಗೆ ಬರುವ ಹಾಗೆ ಒಂದು ಸಪಾಟಾದ ಹಲಗೆ ಚೂರಿನ ಮೇಲೆ ನಿಲ್ಲಿಸುತ್ತೇನೆ. ಟೇಪಿನ ಕಾಣುವ ಮುಖ ಹಲಗೆಗೆ ಒತ್ತಿಕೊಂಡಿರುತ್ತದೆ. ಕೆಳಗೆ ಆಸರೆ ಇರುವುದರಿಂದ ಎಳೆ ಎದ್ದು ಬರಲು ಜಾಗವೇ ಇಲ್ಲ. ಕಟರ್‌ನ ಬ್ಲೇಡನ್ನು ಶೆಲ್ಫಿನ ಮುಖಕ್ಕೆ ಚಪ್ಪಟೆಯಾಗಿ ತಾಗಿಸಿ, ಹೊಸ ತುದಿಯಿಂದ, ಎರಡು ಮೂರು ಹಗುರ ಗೀರಿನಲ್ಲಿ ಕತ್ತರಿಸುತ್ತೇನೆ. ಮೊದಲ ಗೀರು ಬರೀ ಗುರುತು ಮಾಡುವಷ್ಟು. ಒಂದೇ ಸಲಕ್ಕೆ ಒತ್ತಿ ಎಳೆದರೆ ಬ್ಲೇಡ್ ಕತ್ತರಿಸುವುದಿಲ್ಲ, ಸೀಳುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಮುಖದ ಕಡೆ ನಿಂತು ಎಡದಿಂದ ಬಲಕ್ಕೆ ಕತ್ತರಿಸಿದರೆ, ಶೆಲ್ಫನ್ನು ಸುತ್ತಿ ಆ ಕಡೆ ಹೋಗಿ ನಿಂತು ಮತ್ತೆ ಎಡದಿಂದ ಬಲಕ್ಕೇ ಕತ್ತರಿಸಿದರಾಯಿತು. ನಿಮ್ಮ ಕೈಗೆ ದಿಕ್ಕು ಒಂದೇ, ಟೇಪಿಗೆ ಮಾತ್ರ ವಿರುದ್ಧ. ಲೆಕ್ಕ ಹಾಕುವ ಕೆಲಸವೇ ಇಲ್ಲ. ಜಾಗ ಇಲ್ಲದಿದ್ದರೆ ಶೆಲ್ಫನ್ನೇ ತಿರುಗಿಸಿ ನಿಲ್ಲಿಸಿ. ನಿಂತಲ್ಲಿಂದಲೇ ಆಚೆ ಕೈ ಚಾಚಿ ಕತ್ತರಿಸಬೇಡಿ.

ಪೂರ್ತಿ ಸಮವಾಗುವ ತನಕ ಬ್ಲೇಡಿನಲ್ಲೇ ತೆಗೆಯಬೇಕು ಅಂತ ಹಟ ಮಾಡಬೇಡಿ. ಕೂದಲೆಳೆಯಷ್ಟು ಏಣು ಉಳಿದಿರಲಿ. 180 ನಂಬರಿನ ಸ್ಯಾಂಡ್ ಪೇಪರನ್ನು ಸಪಾಟು ಮರದ ತುಂಡಿಗೆ ಸುತ್ತಿ, ಸ್ವಲ್ಪ ಓರೆ ಹಿಡಿದು, ಟೇಪಿನ ಕಡೆಯಿಂದ ಶೆಲ್ಫಿನ ಕಡೆಗೆ ಮಾತ್ರ ತಳ್ಳಿ. ವಾಪಸ್ ಎಳೆಯುವಾಗ ಎತ್ತಿಬಿಡಿ. ಹೊರಗೆ ಎಳೆದರೆ ಟೇಪನ್ನು ಶೆಲ್ಫಿನಿಂದ ಬಿಡಿಸಿದ ಹಾಗೆ ಆಗುತ್ತದೆ, ಚಕ್ಕೆ ಅಲ್ಲೂ ಏಳುತ್ತದೆ. ಬೆರಳು ಆಡಿಸಿದಾಗ ಏಣು ತಾಗದಿದ್ದರೆ ತಕ್ಷಣ ನಿಲ್ಲಿಸಿ. ಪ್ಲೈವುಡ್ಡಿನ ಮೇಲಿನ ತೇಗದ ಪದರ ಕಾಗದದಷ್ಟು ತೆಳ್ಳಗೆ. ಜಾಸ್ತಿ ಉಜ್ಜಿದರೆ ಅದು ಸವೆದು ಕೆಳಗಿನ ಬೇರೆ ಮರ ಕಾಣುತ್ತದೆ. ಅದನ್ನು ಸರಿಮಾಡುವ ದಾರಿ ಇಲ್ಲ. ಚಕ್ಕೆ ಎದ್ದಿದ್ದಕ್ಕಾದರೂ ಇದೆ.

ಆ ದಾರಿ ಇದು. ಪುಟ್ಟಿ ಮೆತ್ತಬೇಡಿ. ನಾನು ಮೊದಲ ಶೆಲ್ಫಿಗೆ ಮೆತ್ತಿದ್ದೆ. ಪಾಲಿಶ್ ಹಾಕಿದ ಮೇಲೆ ಪುಟ್ಟಿ ತುಂಬಿದ ಜಾಗ ಬೇರೆ ಬಣ್ಣಕ್ಕೆ ತಿರುಗಿ, ಚಕ್ಕೆ ಎದ್ದಿದ್ದಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯಿತು. ಅದರ ಬದಲು ಮತ್ತೆ ಇಸ್ತ್ರಿ ಇಟ್ಟು ಬಿಸಿ ಮಾಡಿ. ಆ ಅಂಟು ಮತ್ತೆ ಕರಗುತ್ತದೆ. ಒಂದು ತುದಿಯನ್ನು ಅಗಲವಾದ ಉಳಿಯಿಂದ ಎತ್ತಿ, ಬಿಸಿ ಮಾಡುತ್ತಾ ಮಾಡುತ್ತಾ ಪೂರ್ತಿ ಪಟ್ಟಿಯನ್ನು ನಿಧಾನವಾಗಿ ಬಿಡಿಸಿ. ಅಂಚಿನಲ್ಲಿ ಉಳಿದ ಅಂಟನ್ನು ಬೆಚ್ಚಗಿರುವಾಗಲೇ ಕೆರೆದು ಸಪಾಟು ಮಾಡಿ. ಗಂಟು ಉಳಿದರೆ ಹೊಸ ಟೇಪ್ ಅಲ್ಲಿ ಉಬ್ಬಿ ನಿಲ್ಲುತ್ತದೆ. ಪ್ಲೈಯಲ್ಲಿ ತೂತು, ಸಂದು ಕಂಡರೆ ಅದನ್ನು ಮಾತ್ರ ಪುಟ್ಟಿಯಿಂದ ತುಂಬಿ ಒಣಗಿಸಿ ಉಜ್ಜಿ. ಹೊಸ ತುಂಡನ್ನು ಎರಡೂ ತುದಿಗೆ ಒಂದೊಂದು ಇಂಚು ಹೆಚ್ಚು ಬಿಟ್ಟು ಅಂಟಿಸಿ.

ನಾನು ಐದರಲ್ಲಿ ಮೂರು ಶೆಲ್ಫಿಗೆ ಹೀಗೆ ಟೇಪ್ ಬದಲಾಯಿಸಿದೆ. ಉಳಿದ ಎರಡನ್ನು ಆಚಾರ್ರ ಹತ್ತಿರ ಹೋಗಿ ಬಂದ ಮೇಲೆ, ಬಾಣ ಹಾಕಿಕೊಂಡು, ಅದೇ ಹಳೇ ಕಟರ್‌ನಲ್ಲಿ ಕತ್ತರಿಸಿದೆ. ಒಂದು ಚಕ್ಕೆಯೂ ಏಳಲಿಲ್ಲ. ನಿಮ್ಮ ಹತ್ತಿರ ಈಗ ಇರುವ ಕಟರ್‌ನಲ್ಲೇ ಮೊದಲು ಒಂದು ಚೂರು ಪ್ಲೈಗೆ ಟೇಪ್ ಅಂಟಿಸಿ, ಎರಡೂ ದಿಕ್ಕಿನಲ್ಲಿ ಕತ್ತರಿಸಿ ನೋಡಿ. ಯಾವ ಕಡೆ ಏಳುತ್ತದೆ, ಯಾವ ಕಡೆ ಏಳುವುದಿಲ್ಲ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.