ರೀಲ್ಸ್‌ನಲ್ಲಿ ಮಾತ್ರ ಕೆಳಗೆ ಜಾರುವ ಸಾಲು

"ಫಿಗ್ಮಾದಲ್ಲಿ 1:1, 4:5, 9:16 ಮೂರು ಪೋಸ್ಟರ್ ಇವೆ. ದಿನಾಂಕದ ಸಾಲು ಉದ್ದವಾಯ್ತು, ರೀಲ್ಸ್‌ನಲ್ಲಿ ಬಟನ್ ಹಿಂದೆ ಹೋಗ್ತಿದೆ. ಏನು ಮಾಡಲಿ?"

ಆ ಸಾಲನ್ನು ಸ್ಟ್ರಿಂಗ್ ವೇರಿಯಬಲ್ ಮಾಡಿ ಮೂರೂ ಪೋಸ್ಟರ್‌ಗೆ ಜೋಡಿಸಿ. ಇನ್ನು ಮುಂದೆ ತಿದ್ದುವುದು ಅಲ್ಲೇ. ಪೋಸ್ಟರ್ ಮೇಲೆ ನೇರವಾಗಿ ಟೈಪ್ ಮಾಡಿದರೆ ಜೋಡಣೆ ಕಳಚುತ್ತದೆ.

ರೀಲ್ಸ್ ಜಾಹೀರಾತಿಗೆ ಮೆಟಾ ಹೇಳುವಂತೆ ಮೇಲೆ 14%, ಕೆಳಗೆ 35%, ಎರಡೂ ಪಕ್ಕ 6% ಖಾಲಿ ಬಿಡಬೇಕು. 1080×1920ರಲ್ಲಿ ಉಳಿಯುವುದು ಸುಮಾರು 950×979 ಪಿಕ್ಸೆಲ್. ಅಷ್ಟೇ ಅಳತೆಯ ಆಟೋ ಲೇಔಟ್ ಫ್ರೇಮನ್ನು X 65, Y 269ರಲ್ಲಿಡಿ. ಅದರ ಎತ್ತರ Fixed, ಅಲೈನ್‌ಮೆಂಟ್ ತಳಕ್ಕೆ. ಒಳಗಿನ ಪಠ್ಯದ ಅಗಲ Fill, ಎತ್ತರ Hug. ಆಗ ಒಂದು ಸಾಲು ಎರಡಾದರೂ ಪಠ್ಯ ಮೇಲಕ್ಕೇ ಬೆಳೆಯುತ್ತದೆ, ಬಟನ್ ಕಡೆ ಇಳಿಯುವುದಿಲ್ಲ.

ಲೈನ್ ಹೈಟ್ 140% ಕೊಟ್ಟು "ರಾಷ್ಟ್ರೀಯ" ಎಂದು ಬರೆದು ನೋಡಿ: ಒತ್ತಕ್ಷರ ಕೆಳಸಾಲಿಗೆ ತಾಗಿದರೆ ಇನ್ನಷ್ಟು ಹೆಚ್ಚಿಸಿ.